ಐದು ಮ್ಯಾಚಿನ ಎಕ್ಸ್‌ಜಿ ಎಷ್ಟು ಹೇಳ್ತದೆ, ಎಷ್ಟು ಹೇಳುದಿಲ್ಲ

ಕುಂಬಳೆ, ಉಪ್ಪಳ, ಬದಿಯಡ್ಕ ಕಡೆಯ ಫುಟ್ಬಾಲ್ ವಾಟ್ಸಾಪ್ ಗ್ರೂಪುಗಳಲ್ಲಿ ಈಗ ಮ್ಯಾಚ್ ಮುಗಿದ ಕೂಡ್ಲೇ ಸ್ಕೋರಿನ ಜೊತೆಗೆ ಇನ್ನೊಂದು ಸ್ಕ್ರೀನ್‌ಶಾಟ್ ಕೂಡ ಬರ್ತದೆ, ಎಕ್ಸ್‌ಜಿದ್ದು, ಅಂದ್ರೆ ಹೊಡೆದ ಶಾಟುಗಳಿಗೆ ಎಷ್ಟು ಗೋಲು ಆಗ್ಬೇಕಿತ್ತು ಅನ್ನುವ ಎಕ್ಸ್‌ಪೆಕ್ಟೆಡ್ ಗೋಲ್ಸ್ ಲೆಕ್ಕದ್ದು. ಸೋತವರ ಪಾರ್ಟಿಯವರು "ನೋಡಿ, ಎಕ್ಸ್‌ಜಿ ನಮ್ದೇ ಜಾಸ್ತಿ, ಗೆಲ್ಬೇಕಾದದ್ದು ನಾವು" ಅಂತಾರೆ, ಗೆದ್ದವರು "ಗೋಲ್ ಎಷ್ಟು ಅಂತ ನೋಡು ಮಾರಾಯ" ಅಂತಾರೆ, ಅಲ್ಲಿಗೆ ರಾತ್ರಿ ಹನ್ನೆರಡು. ನನಗೆ ಎಕ್ಸ್‌ಜಿ ಮೇಲೆ ನಂಬಿಕೆ ಉಂಟು, ಫುಟ್ಬಾಲ್ ನೋಡುವ ಕಣ್ಣಿಗೆ ಇತ್ತೀಚೆಗೆ ಸಿಕ್ಕಿದ ಒಳ್ಳೆ ಸಾಮಾನುಗಳಲ್ಲಿ ಅದೊಂದು. ಆದ್ರೆ ಒಂದು ಮ್ಯಾಚಿಂದೋ ಐದು ಮ್ಯಾಚಿಂದೋ ಎಕ್ಸ್‌ಜಿ ಇಟ್ಕೊಂಡು ಒಬ್ಬ ಆಟಗಾರನನ್ನು ಆಕಾಶಕ್ಕೆ ಏರಿಸುದು, ಇನ್ನೊಬ್ಬ ಕೋಚನ್ನು ಮನೆಗೆ ಕಳಿಸುದು ಮಾಡಿದ್ರೆ ಅದು ಆ ಸಂಖ್ಯೆಗೇ ಮಾಡುವ ಅನ್ಯಾಯ. ಅದು ಎಷ್ಟು ಅಲುಗಾಡ್ತದೆ ಅಂತ ಲೆಕ್ಕ ಹಾಕ್ಲಿಕ್ಕೆ ಬರ್ತದೆ, ಕಷ್ಟದ ಲೆಕ್ಕವೂ ಅಲ್ಲ, ಅದನ್ನೇ ಇಲ್ಲಿ ಹೇಳ್ತೇನೆ.

ಮೊದಲು ಎಕ್ಸ್‌ಜಿ ಅಂದ್ರೆ ಎಂತ ಅಂತ ಚುಟುಕಾಗಿ. ಪ್ರತಿಯೊಂದು ಶಾಟಿಗೂ 0ಯಿಂದ 1ರ ಒಳಗೆ ಒಂದು ಸಂಖ್ಯೆ ಕೊಡ್ತಾರೆ, ಇದೇ ತರದ ಜಾಗದಿಂದ ಇದೇ ತರ ಹಿಂದೆ ಹೊಡೆದ ಸಾವಿರಾರು ಶಾಟುಗಳಲ್ಲಿ ಎಷ್ಟು ಗೋಲಾಗಿದೆ ಅಂತ ನೋಡಿ. ದೂರ, ಕೋನ, ಕಾಲಲ್ಲಾ ತಲೆಯಲ್ಲಾ, ಚೆಂಡು ಕ್ರಾಸಲ್ಲಿ ಬಂತಾ ನೆಲದ ಪಾಸಲ್ಲಿ ಬಂತಾ ಇದೆಲ್ಲ ಸೇರ್ತದೆ, ಕೆಲವು ಮಾಡೆಲ್‌ಗಳಲ್ಲಿ ಗೋಲಿ ಮತ್ತೆ ಡಿಫೆಂಡರ್‌ಗಳು ಎಲ್ಲಿ ನಿಂತಿದ್ರು ಅನ್ನುದೂ ಸೇರ್ತದೆ. ಪೆನಾಲ್ಟಿ ಅಂದ್ರೆ ಸುಮಾರು 0.78, ಅಂದ್ರೆ ನೂರರಲ್ಲಿ ಎಪ್ಪತ್ತೆಂಟು ಗೋಲು. ಅದೇ ಜಾಗದಿಂದ ಹೊಡೆದ್ರೂ ಕಾಲಿನ ಶಾಟಿಗಿಂತ ಹೆಡರಿಗೆ ಸಂಖ್ಯೆ ಕಮ್ಮಿ. ನಮ್ಮ ಜಿಲ್ಲೆಯ ತೃಕ್ಕರಿಪುರದ ಮೊಹಮ್ಮದ್ ರಾಫಿ 2016ರ ಐಎಸ್ಎಲ್ ಫೈನಲಲ್ಲಿ ಬ್ಲಾಸ್ಟರ್ಸಿಗೆ ಹೊಡೆದದ್ದು ಹೆಡರೇ, ಅಂಥಾ ಗೋಲುಗಳ ಬೆಲೆ ಎಂತ ಅಂತ ಇದರಿಂದ ಸ್ವಲ್ಪ ಗೊತ್ತಾಗ್ತದೆ. ಇಡೀ ಮ್ಯಾಚಿನ ಶಾಟುಗಳ ಸಂಖ್ಯೆ ಕೂಡಿಸಿದ್ರೆ ತಂಡದ ಎಕ್ಸ್‌ಜಿ ಆಯ್ತು. ಇದರಲ್ಲಿ ನೆನಪಿಡಬೇಕಾದ್ದು ಒಂದೇ, ಅದು ಸರಾಸರಿಯ ಆಟಗಾರ ಹೊಡೆದ್ರೆ ಎಷ್ಟು ಅನ್ನುವ ಲೆಕ್ಕ, ಆಗಿಯೇ ತೀರ್ತದೆ ಅನ್ನುವ ಗ್ಯಾರಂಟಿ ಅಲ್ಲ.

ಈಗ ನಮ್ಮೂರಲ್ಲಿ ಯಾರಿಗೂ ಮರೆಯದ ಮ್ಯಾಚ್ ತಗೊಳ್ಳುವ. 2022 ನವೆಂಬರ್ 22, ಕತಾರಿನ ಲುಸೈಲ್, ಅರ್ಜೆಂಟೀನಾ 1 ಸೌದಿ 2. ಕಾಸರಗೋಡಲ್ಲಿ ನೀಲಿ ಬಿಳಿ ಫ್ಲೆಕ್ಸ್ ಹಾಕಿದವರ ಮನೆಗಳಲ್ಲಿ ಆ ಸಂಜೆ ಹೇಗಿತ್ತು ಅಂತ ಬೇರೆ ಹೇಳ್ಬೇಕಾ. ಅರ್ಜೆಂಟೀನಾದ್ದು 15 ಶಾಟು, ಎಕ್ಸ್‌ಜಿ 2ಕ್ಕಿಂತ ಸ್ವಲ್ಪ ಮೇಲೆ. ಸೌದಿದ್ದು ಬರೀ 3 ಶಾಟು, ಎಕ್ಸ್‌ಜಿ 0.2ರ ಒಳಗೆ, ಅದರಲ್ಲಿ ಎರಡು ಗೋಲು. ಇದನ್ನು ನೋಡಿ "ಎಕ್ಸ್‌ಜಿ ಎಲ್ಲ ಬೊಗಳೆ" ಅಂದವರೂ ಉಂಟು, "ಸೌದಿಗೆ ಬರೀ ಲಕ್ಕು" ಅಂದವರೂ ಉಂಟು.

ಒಳಗೆ ಹೋಗಿ ನೋಡಿ. ಅರ್ಜೆಂಟೀನಾದ ಆ ಎರಡು ಚಿಲ್ಲರೆಯಲ್ಲಿ 10ನೇ ನಿಮಿಷದ ಮೆಸ್ಸಿ ಪೆನಾಲ್ಟಿಯೇ 0.78ರಷ್ಟು, ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ. ಅದು ಬಿಟ್ರೆ ಉಳಿದ 14 ಶಾಟಿಗೆ ಒಟ್ಟು ಒಂದೂವರೆ ಆಸುಪಾಸು, ಅಂದ್ರೆ ಒಂದೊಂದು ಶಾಟು ಹತ್ತರಲ್ಲಿ ಒಂದು ಸಲ ಗೋಲಾಗುವಂಥದ್ದು. ಅಂಥ 14 ಶಾಟು ಹೊಡೆದು ಒಂದೂ ಗೋಲಾಗದೆ ಇರುದು ನೂರರಲ್ಲಿ ಇಪ್ಪತ್ತಮೂರರಷ್ಟು ಸಲ ಆಗ್ತದೆ (0.9ನ್ನು ಹದಿನಾಲ್ಕು ಸಲ ಗುಣಿಸಿ ನೋಡಿ, 0.23 ಬರ್ತದೆ). ನಾಲ್ಕರಲ್ಲಿ ಒಂದು ಸಲದ ಹತ್ರ ಹತ್ರ, ಅದೇನು ಪವಾಡ ಅಲ್ಲ. ಸೌದಿ ಕಡೆದ್ದು ಮಾತ್ರ ನಿಜಕ್ಕೂ ಅಪರೂಪ, ಮೂರು ಶಾಟಿಗೂ ಒಂದೊಂದಕ್ಕೆ 0.05 ಅಂತ ಹಿಡಿದ್ರೆ ಎರಡೋ ಮೂರೋ ಗೋಲಾಗುದು ಸಾವಿರದಲ್ಲಿ ಏಳು ಸಲ. ಅಪರೂಪ, ಆದ್ರೆ ಆಗದೇ ಇರುವಂಥದ್ದಲ್ಲ.

ಇನ್ನೊಂದು ವಿಷಯ ತುಂಬ ಜನರ ಗಮನಕ್ಕೆ ಬರುದಿಲ್ಲ. ಆ ಮ್ಯಾಚಿನ ಫಸ್ಟ್ ಹಾಫಲ್ಲಿ ಅರ್ಜೆಂಟೀನಾದ ಮೂರು ಗೋಲು ಆಫ್‌ಸೈಡ್ ಅಂತ ಹೋಯ್ತು, ಒಂದು ಮೆಸ್ಸಿದು ಎರಡು ಲೌಟಾರೊ ಮಾರ್ಟಿನೆಜ್‌ದು. ಆಫ್‌ಸೈಡ್ ಆದ ಶಾಟು ಎಕ್ಸ್‌ಜಿ ಲೆಕ್ಕಕ್ಕೇ ಬರುದಿಲ್ಲ, ಸೊನ್ನೆ. ಸೌದಿಯ ಕೋಚ್ ಹೆರ್ವೆ ರೆನಾರ್ ಡಿಫೆನ್ಸ್ ಲೈನನ್ನು ಧೈರ್ಯ ಮಾಡಿ ಮೇಲೆ ಮೇಲೆ ನಿಲ್ಲಿಸಿದ್ರಿಂದ ಆದದ್ದು ಅದು. ಅಂದ್ರೆ ಆ ದಿನ ಆಟದ ನಡು ಕಥೆ ಏನಿತ್ತೋ ಅದು ಆ ಸಂಖ್ಯೆಯಲ್ಲಿ ಕಾಣುದೇ ಇಲ್ಲ. ಕೂದಲೆಳೆ ಅಂತರದಲ್ಲಿ ಒಂದು ಗೆರೆ ಆಚೆ ಈಚೆ ಆಗಿದ್ರೆ ಎಕ್ಸ್‌ಜಿಯೂ ಬೇರೆ, ಸ್ಕೋರೂ ಬೇರೆ. ಒಂದೇ ಮ್ಯಾಚಿನಲ್ಲಿ ಇಂಥ ಒಂದೆರಡು ಘಟನೆ ಇಡೀ ಲೆಕ್ಕವನ್ನು ಎಳ್ಕೊಂಡು ಹೋಗ್ತದೆ, ಮೂವತ್ತು ಮ್ಯಾಚಿನಲ್ಲಾದ್ರೆ ಅದು ಅಲ್ಲಲ್ಲೇ ಕರಗ್ತದೆ.

ನನಗೆ ಇದರಲ್ಲಿ ಬಹಳ ಇಷ್ಟವಾದದ್ದು ಮುಂದಿನ ಎರಡು ಮ್ಯಾಚು. ನಾಲ್ಕು ದಿನ ಕಳೆದು ಮೆಕ್ಸಿಕೋ ಮೇಲೆ ಅರ್ಜೆಂಟೀನಾ 2-0 ಗೆದ್ದಿತು, ಆದ್ರೆ ಆ ಮ್ಯಾಚಿನಲ್ಲಿ ಅವರ ಶಾಟೇ ಬರೀ ಐದು, ಎಕ್ಸ್‌ಜಿ ಅರ್ಧ ಗೋಲಿನಷ್ಟೂ ಇರ್ಲಿಲ್ಲ. 64ನೇ ನಿಮಿಷಕ್ಕೆ ಬಾಕ್ಸಿನ ಹೊರಗಿಂದ ಮೆಸ್ಸಿ ನೆಲಕ್ಕಂಟಿಸಿ ಹೊಡೆದದ್ದು, 87ಕ್ಕೆ ಎಂಜೋ ಫರ್ನಾಂಡಿಸ್ ಮೂಲೆಗೆ ತಿರುಗಿಸಿದ್ದು, ಎರಡೂ ಕಮ್ಮಿ ಚಾನ್ಸಿನ ಶಾಟು. ಎರಡರ ಮೇಲೆ ಎಕ್ಸ್‌ಜಿ ಇಟ್ಕೊಂಡು ಸೋತ ತಂಡ ಅರ್ಧ ಕೂಡ ಇಲ್ಲದೆ ಗೆದ್ದಿತು. ಮತ್ತೆ ಪೋಲೆಂಡ್ ಜೊತೆ, ಇಪ್ಪತ್ತಕ್ಕಿಂತ ಜಾಸ್ತಿ ಶಾಟು, ಮೆಸ್ಸಿ ಪೆನಾಲ್ಟಿಯನ್ನು ಗೋಲಿ ಶೆಝ್ನಿ ತಡೆದ, ಆದ್ರೂ 2-0. ಈಗ ಮೂರು ಮ್ಯಾಚನ್ನೂ ಕೂಡಿಸಿ, ಎರಡು ಪೆನಾಲ್ಟಿ ತೆಗೆದಿಡಿ. ಪೆನಾಲ್ಟಿ ಬಿಟ್ಟು ಗೋಲು 4, ಪೆನಾಲ್ಟಿ ಬಿಟ್ಟು ಎಕ್ಸ್‌ಜಿಯೂ ಸುಮಾರು 4ರ ಆಸುಪಾಸೇ, ಮಾಡೆಲಿಂದ ಮಾಡೆಲಿಗೆ ಸ್ವಲ್ಪ ಹೆಚ್ಚುಕಮ್ಮಿ. ಒಂದೊಂದಾಗಿ ನೋಡಿದ್ರೆ ಮೊದಲ ಎರಡು ಮ್ಯಾಚು ತಲೆಕೆಳಗೆ, ಕೂಡಿಸಿದ್ರೆ ಸರಿಗೆ ಸರಿ.

ಇದನ್ನು ನೋಡಿ "ಹಾಗಾದ್ರೆ ಮೂರು ಮ್ಯಾಚ್ ಸಾಕು" ಅಂದುಕೊಳ್ಬೇಡಿ, ಯಾಕಂದ್ರೆ ಈ ಸರಿಗೆ ಸರಿ ಆದದ್ದರಲ್ಲೂ ಅದೃಷ್ಟದ ಪಾಲು ಉಂಟು. ಎಕ್ಸ್‌ಜಿ 4 ಇರುವಾಗ ಗೋಲು 2 ಆಗಿದ್ರೂ 6 ಆಗಿದ್ರೂ ಅದು ಸಾಮಾನ್ಯ ಏರಿಳಿತದ ಅಂಚಿನಲ್ಲೇ. ಈ ಏರಿಳಿತ ಎಷ್ಟು ಅಂತ ಅಂದಾಜು ಮಾಡುದು ಸುಲಭ, ಒಟ್ಟು ಎಕ್ಸ್‌ಜಿಯ ವರ್ಗಮೂಲ ತೆಗೆಯಿರಿ, ಅದರಿಂದ ಒಂಚೂರು ಕಮ್ಮಿ ಮಾಡಿ, ಅಷ್ಟೇ. 4ರ ವರ್ಗಮೂಲ 2, ಸ್ವಲ್ಪ ಕಮ್ಮಿ ಅಂದ್ರೆ 1.8. ಸುಮಾರು ಮೂರರಲ್ಲಿ ಎರಡು ಸಲ ನಿಜವಾದ ಗೋಲು ಎಕ್ಸ್‌ಜಿಯಿಂದ ಇಷ್ಟರ ಒಳಗೆ ಬೀಳ್ತದೆ, ಉಳಿದ ಒಂದು ಸಲ ಅದಕ್ಕಿಂತಲೂ ಆಚೆ. ಕಮ್ಮಿ ಮಾಡುದು ಯಾಕಂದ್ರೆ ಒಂದು ಶಾಟಿಂದ ಒಂದಕ್ಕಿಂತ ಜಾಸ್ತಿ ಗೋಲು ಬರ್ಲಿಕ್ಕಿಲ್ಲ, ಸರಿಯಾದ ಲೆಕ್ಕ ಬೇಕಾದವರು ಪ್ರತಿ ಶಾಟಿನ ಸಂಖ್ಯೆಯನ್ನು ಒಂದರಿಂದ ಅದನ್ನು ಕಳೆದು ಬಂದದ್ದರಿಂದ ಗುಣಿಸಿ, ಎಲ್ಲ ಕೂಡಿಸಿ, ಮತ್ತೆ ವರ್ಗಮೂಲ ತೆಗೆಯಬೇಕು. ಗ್ರೂಪಲ್ಲಿ ಜಗಳ ಆಡ್ಲಿಕ್ಕೆ ಮೊದಲಿನದ್ದೇ ಧಾರಾಳ ಸಾಕು.

ಈಗ ಸ್ಟ್ರೈಕರ್ ವಿಷಯಕ್ಕೆ ಬರುವ, ಅತಿ ಹೆಚ್ಚು ಜನ ಮೋಸ ಹೋಗುದು ಅಲ್ಲಿ. ಸೀಸನ್ ಶುರುವಾಗಿ ಆರು ಮ್ಯಾಚ್ ಆಗಿದೆ ಅಂತ ಇಟ್ಕೊಳ್ಳಿ, ಒಬ್ಬ ಹುಡುಗ 15 ಶಾಟು ಹೊಡೆದಿದ್ದಾನೆ, ಒಟ್ಟು ಎಕ್ಸ್‌ಜಿ 2, ಗೋಲು 5. ಕೂಡ್ಲೇ ಪೋಸ್ಟ್ ಬರ್ತದೆ, "ಎಕ್ಸ್‌ಜಿಗಿಂತ ಎರಡೂವರೆ ಪಟ್ಟು, ಇವನ ಫಿನಿಶಿಂಗ್ ಲೆವೆಲ್ಲೇ ಬೇರೆ ಅಣ್ಣ". ಹುಡುಗ ಬರೀ ಸರಾಸರಿ ಫಿನಿಶರ್ ಆಗಿದ್ರೆ 15 ಶಾಟಲ್ಲಿ 5 ಅಥವಾ ಜಾಸ್ತಿ ಗೋಲು ಬೀಳುವ ಸಾಧ್ಯತೆ ಎಷ್ಟು? ಎಕ್ಸೆಲಲ್ಲೋ ಗೂಗಲ್ ಶೀಟಲ್ಲೋ ಇದನ್ನು ಹಾಕಿ ನೋಡಿ:

```
=1-BINOM.DIST(4,15,0.133,TRUE)
```

15 ಅಂದ್ರೆ ಶಾಟು, 0.133 ಅಂದ್ರೆ ಒಂದು ಶಾಟಿನ ಸರಾಸರಿ ಎಕ್ಸ್‌ಜಿ (2ನ್ನು 15ರಿಂದ ಭಾಗಿಸಿದ್ದು), 4 ಅಂದ್ರೆ ನಾವು ಕೇಳುವ ಗೋಲಿಗಿಂತ ಒಂದು ಕಮ್ಮಿ. ಉತ್ತರ ಸುಮಾರು 0.04 ಬರ್ತದೆ, ಅಂದ್ರೆ ನೂರರಲ್ಲಿ ನಾಲ್ಕು. ಇಷ್ಟು ಕಮ್ಮಿ ಅಂದ್ರೆ ಹುಡುಗ ನಿಜವಾಗಿ ಸ್ಪೆಷಲ್ ಅಂತ ಅನ್ನಿಸ್ತದೆ ಅಲ್ವಾ, ಇಲ್ಲೇ ನಿಂತು ಯೋಚನೆ ಮಾಡ್ಬೇಕಾದ್ದು. ಲೀಗಲ್ಲಿ ಇವನಷ್ಟೇ ಶಾಟು ಹೊಡೆಯುವ ಫಾರ್ವರ್ಡುಗಳು ಅರವತ್ತು ಜನ ಇದ್ದಾರೆ ಅಂತಾದ್ರೆ, ಎಲ್ಲರೂ ಸರಾಸರಿ ಫಿನಿಶರ್‌ಗಳೇ ಆಗಿದ್ರೂ ಬರೀ ಏರಿಳಿತದಿಂದ ಎರಡು ಮೂರು ಜನರ ಲೆಕ್ಕ ಹೀಗೇ ಕಾಣ್ತದೆ. ಪೋಸ್ಟ್ ಹಾಕುವವರು ಅರವತ್ತರಲ್ಲಿ ಆ ಎರಡು ಮೂರು ಜನರನ್ನೇ ಹೆಕ್ಕಿ ತರುದು, ಉಳಿದವರ ಬಗ್ಗೆ ಪೋಸ್ಟೇ ಬರುದಿಲ್ಲ. ಹಾಗಾಗಿ ಲೆಕ್ಕ ಹಾಕ್ಬೇಕಾದ್ದು "ಇವನಿಗೆ ಹೀಗಾಗುವ ಸಾಧ್ಯತೆ ಎಷ್ಟು" ಅಂತಲ್ಲ, "ಇಷ್ಟು ಜನರಲ್ಲಿ ಯಾರಿಗಾದ್ರೂ ಹೀಗಾಗುವ ಸಾಧ್ಯತೆ ಎಷ್ಟು" ಅಂತ. ಆ ಪ್ರಶ್ನೆಗೆ ಉತ್ತರ, ಹೆಚ್ಚುಕಮ್ಮಿ ಆಗಿಯೇ ಆಗ್ತದೆ.

ಫಿನಿಶಿಂಗ್ ಕಲೆ ಅಂತ ಒಂದು ಇಲ್ಲವೇ ಇಲ್ಲ ಅಂತ ನಾನು ಹೇಳುದಿಲ್ಲ. ಮೆಸ್ಸಿ ಬಾರ್ಸಿಲೋನಾದಲ್ಲಿ ವರ್ಷ ವರ್ಷಾನುಗಟ್ಟಲೆ ಎಕ್ಸ್‌ಜಿಗಿಂತ ಮೇಲೆಯೇ ಗೋಲು ಹೊಡೆದದ್ದು, ಟೋಟೆನ್‌ಹ್ಯಾಮಲ್ಲಿ ಇದ್ದಾಗ ಸನ್ ಹ್ಯೂಂಗ್-ಮಿನ್ ಕೂಡ ಹಾಗೇ. ಆದ್ರೆ ಅವರ ಬಗ್ಗೆ ನಾವು ಧೈರ್ಯವಾಗಿ ಹೇಳುದು ನೂರಾರು ಶಾಟುಗಳ ಲೆಕ್ಕ ಕೈಯಲ್ಲಿ ಇರುದ್ರಿಂದ. 15 ಶಾಟಲ್ಲಿ ಅವರನ್ನೂ ಒಬ್ಬ ಸಾಧಾರಣ ಆಟಗಾರನನ್ನೂ ಬೇರೆ ಮಾಡ್ಲಿಕ್ಕೆ ಆಗುದಿಲ್ಲ, ಯಾಕಂದ್ರೆ ದೊಡ್ಡ ಫಿನಿಶರ್ ಅಂದ್ರೂ ಸರಾಸರಿಗಿಂತ ಹತ್ತರಲ್ಲಿ ಒಂದೆರಡು ಪಾಲು ಜಾಸ್ತಿ, 2 ಎಕ್ಸ್‌ಜಿಯಲ್ಲಿ ಅದು ಅರ್ಧ ಗೋಲು ಕೂಡ ಆಗುದಿಲ್ಲ, ಏರಿಳಿತವೋ ಒಂದು ಗೋಲಿಗಿಂತ ಜಾಸ್ತಿ. ಅದೇ ಹುಡುಗನ ಬಗ್ಗೆ ಆರು ಮ್ಯಾಚಲ್ಲಿ ಸ್ವಲ್ಪ ನಂಬ್ಲಿಕ್ಕೆ ಆಗುವ ಸಂಗತಿ ಬೇರೆ ಉಂಟು, ಅವನು 15 ಶಾಟು ಹೊಡೆದಿದ್ದಾನೆ ಅನ್ನುದು. ಆ ಜಾಗಕ್ಕೆ ಹೋಗಿ ನಿಲ್ಲುದು, ಓಟದ ಟೈಮಿಂಗ್, ಅದು ಮ್ಯಾಚಿಂದ ಮ್ಯಾಚಿಗೆ ಗೋಲಿನಷ್ಟು ಕುಣಿಯುದಿಲ್ಲ. ಗೋಲು ನಿಂತ್ರೂ ಶಾಟು ನಿಲ್ಲದೆ ಇದ್ರೆ ಹುಡುಗ ಸರಿ ಇದ್ದಾನೆ, ಗೋಲು ಬರ್ತಾ ಇದ್ದು ಶಾಟು ಕಮ್ಮಿ ಆಗ್ತಾ ಇದ್ರೆ ಮಾತ್ರ ಸ್ವಲ್ಪ ಕಣ್ಣಿಡ್ಬೇಕು.

ತಂಡದ ಲೆಕ್ಕದಲ್ಲಿ ಇನ್ನೊಂದು ತೊಡಕು. ಅಲ್ಲಿ ಗೋಲು ಮಾತ್ರ ಕುಣಿಯುದಲ್ಲ, ಎಕ್ಸ್‌ಜಿಯೇ ಕುಣಿಯುತ್ತದೆ. ಒಂದು ತಂಡದ ಐದು ಮ್ಯಾಚಿನ ಎಕ್ಸ್‌ಜಿ 0.7, 2.6, 1.1, 0.9, 2.2 ಅಂತ ಇಟ್ಕೊಳ್ಳಿ, ಕೂಡಿಸಿದ್ರೆ 7.5, ಮ್ಯಾಚಿಗೆ 1.5. ಕೇಳ್ಲಿಕ್ಕೆ ಒಳ್ಳೆ ಅಟ್ಯಾಕ್. ಈಗ ಮ್ಯಾಚ್ ಮ್ಯಾಚ್ ತೆರೆದು ನೋಡಿ. ಆ 2.6ರಲ್ಲಿ ಒಂದು ಪೆನಾಲ್ಟಿ ಉಂಟು, ತೆಗೆದ್ರೆ 1.8. 2.2 ಬಂದ ಮ್ಯಾಚಲ್ಲಿ ಎದುರಿನವರಿಗೆ ನಲ್ವತ್ತನೇ ನಿಮಿಷಕ್ಕೇ ರೆಡ್ ಕಾರ್ಡ್, ಉಳಿದ ಐವತ್ತು ನಿಮಿಷ ಹತ್ತು ಜನರ ಮೇಲೆ ಆಡಿದ್ದು. ಉಳಿದ ಮೂರು ಮ್ಯಾಚು 0.7, 1.1, 0.9. ಹನ್ನೊಂದಕ್ಕೆ ಹನ್ನೊಂದು ಜನ ಇರುವಾಗ ಈ ತಂಡ ಮ್ಯಾಚಿಗೆ ಒಂದರ ಸುತ್ತಮುತ್ತ ಚಾನ್ಸ್ ಮಾಡುವ ತಂಡ, ಒಂದೂವರೆದ್ದಲ್ಲ. ಸರಾಸರಿ ಸುಳ್ಳು ಹೇಳ್ಲಿಲ್ಲ, ನಾವು ಕೇಳಿದ ಪ್ರಶ್ನೆಗೆ ಅದು ಉತ್ತರ ಆಗಿರ್ಲಿಲ್ಲ ಅಷ್ಟೇ. ಹಾಗಾಗಿ ಐದು ಮ್ಯಾಚಿನ ಸರಾಸರಿ ಯಾರಾದ್ರೂ ಹಾಕಿದ್ರೆ ನಾನು ಕೇಳುದು ಮೊದಲು ಆ ಐದು ಬಿಡಿ ಸಂಖ್ಯೆಯನ್ನೇ, ಮತ್ತೆ ಪೆನಾಲ್ಟಿ ಬಿಟ್ಟಾ ಸೇರಿಸಿಯಾ ಅಂತ, ಮತ್ತೆ ಎದುರಾಳಿ ಯಾರು ಅಂತ. ಟೇಬಲಿನ ಕೆಳಗಿನ ಮೂರು ತಂಡದ ಮೇಲೆ ಆಡಿ ಬಂದ 1.5ಕ್ಕೂ ಮೇಲಿನ ಮೂರರ ಮೇಲೆ ಬಂದ 1.5ಕ್ಕೂ ಭೂಮಿ ಆಕಾಶ ವ್ಯತ್ಯಾಸ.

ಸ್ಕೋರ್ ಹೇಗಿತ್ತು ಅನ್ನುದೂ ನೋಡ್ಬೇಕು. ಹತ್ತನೇ ನಿಮಿಷಕ್ಕೆ ಎರಡು ಗೋಲು ಹೊಡೆದ ತಂಡ ಹಿಂದೆ ಕೂತು ಕಾಯ್ತದೆ, ಸೋಲ್ತಾ ಇರುವವರು ದೂರದಿಂದ ಹೊಡೆದು ಹೊಡೆದು ಚಿಲ್ಲರೆ ಚಿಲ್ಲರೆಯಾಗಿ 1.5 ಒಟ್ಟು ಮಾಡ್ತಾರೆ, ಕೊನೆಗೆ ಸ್ಕ್ರೀನ್‌ಶಾಟಲ್ಲಿ ಸೋತವರದ್ದೇ ಜಾಸ್ತಿ ಕಾಣ್ತದೆ. ಹಾಗೇ ಒಂದೇ ದಾಳಿಯಲ್ಲಿ ಗೋಲಿ ತಡೆದು ಮತ್ತೆ ರಿಬೌಂಡ್ ಹೊಡೆದು ಮತ್ತೆ ತಡೆದು ಮೂರನೇ ಸಲವೂ ಹೊಡೆದದ್ದಾದ್ರೆ ಮೂರು ಶಾಟಿಗೆ 0.5, 0.4, 0.4 ಅಂತ ಕೂಡಿಸಿ 1.3 ಆಗ್ತದೆ, ಒಂದು ದಾಳಿಯಲ್ಲಿ ಒಂದಕ್ಕಿಂತ ಜಾಸ್ತಿ ಗೋಲು ಆಗ್ಲಿಕ್ಕೆ ಸಾಧ್ಯವೇ ಇಲ್ಲದಿದ್ರೂ. ಕೆಲವು ಕಡೆ ಇದನ್ನು ಸರಿ ಮಾಡಿ ಹಾಕ್ತಾರೆ, ಕೆಲವು ಕಡೆ ಇಲ್ಲ. ಎಕ್ಸ್‌ಜಿ ಲೆಕ್ಕ ಕೊಡುವ ಆಪ್ಟಾ, ಸ್ಟ್ಯಾಟ್ಸ್‌ಬಾಂಬ್, ಅಂಡರ್‌ಸ್ಟ್ಯಾಟ್ ಒಂದೇ ಮ್ಯಾಚಿಗೆ ಬೇರೆ ಬೇರೆ ಸಂಖ್ಯೆ ಕೊಡುದು ಇಂಥದ್ದರಿಂದಲೂ ಹೌದು, ಹಾಗಾಗಿ ಎರಡು ಕಡೆಯ ಸಂಖ್ಯೆ ಬೆರೆಸಿ ಹೋಲಿಸ್ಬಾರ್ದು.

ಮಾಡೆಲಿನ ಕಣ್ಣಿಗೆ ಬೀಳದ್ದು ಎಂತ ಅಂತ ನಮ್ಮ ಕಡೆಯವರಿಗೆ ಬೇರೆ ಉದಾಹರಣೆ ಬೇಡ. ಕಾಸರಗೋಡಿನ ಕನ್ನಡದವರಲ್ಲಿ ಬ್ಲಾಸ್ಟರ್ಸ್ ಹಳದಿ ಹಾಕುವವರೂ ಇದ್ದಾರೆ, ಬೆಂಗಳೂರು ಎಫ್‌ಸಿ ನೀಲಿ ಹಾಕುವವರೂ ಇದ್ದಾರೆ, ಒಂದೇ ಮನೆಯಲ್ಲಿ ಅಣ್ಣ ತಮ್ಮ ಎರಡು ಬಣ್ಣ. 2023 ಮಾರ್ಚ್ 3, ಕಂಠೀರವದಲ್ಲಿ ಪ್ಲೇಆಫ್, ಎಕ್ಸ್‌ಟ್ರಾ ಟೈಮಲ್ಲಿ ಸುನಿಲ್ ಛೆಟ್ರಿ ಹೊಡೆದ ಆ ಕ್ವಿಕ್ ಫ್ರೀಕಿಕ್. ಗೋಡೆ ನಿಂತಿಲ್ಲ, ಗೋಲಿ ರೆಡಿ ಇಲ್ಲ, ಚೆಂಡು ಒಳಗೆ, ಬ್ಲಾಸ್ಟರ್ಸ್ ಕೋಚ್ ವುಕೊಮನೊವಿಚ್ ತಂಡವನ್ನೇ ಕರ್ಕೊಂಡು ಹೊರಗೆ ಹೋದ್ರು. ದೂರ ಮತ್ತೆ ಕೋನ ಮಾತ್ರ ನೋಡುವ ಮಾಡೆಲಿಗೆ ಅದು ಉಳಿದ ಫ್ರೀಕಿಕ್ ತರದ್ದೇ ಒಂದು ಫ್ರೀಕಿಕ್, ನೂರರಲ್ಲಿ ಐದಾರು ಗೋಲಾಗುವಂಥದ್ದು. ಗೋಲಿ ಎಲ್ಲಿದ್ದ ಅಂತ ನೋಡುವ ಮಾಡೆಲ್ ಅದಕ್ಕೆ ತುಂಬ ಜಾಸ್ತಿ ಕೊಡ್ಬೇಕು. ಆ ನ್ಯಾಯ ಅನ್ಯಾಯದ ವಾದ ಇಲ್ಲಿ ಬೇಡ, ಒಂದು ಗೋಲಿನ ಮ್ಯಾಚಲ್ಲಿ ಅಂಥ ಒಂದು ಶಾಟಿಗೆ ಎಷ್ಟು ಕೊಟ್ರು ಅನ್ನುದ್ರ ಮೇಲೆಯೇ ಎಕ್ಸ್‌ಜಿಯಲ್ಲಿ ಯಾರು ಮೇಲೆ ಅನ್ನುದು ಬದಲಾಗ್ಬಹುದು. (ನಮ್ಮ ಸೆವೆನ್ಸಿಗೆ ಈ ಮಾಡೆಲ್‌ಗಳನ್ನು ತಂದು ಹಚ್ಚುವವರಿಗೂ ಒಂದು ಮಾತು, ಅಲ್ಲಿ ಅಂಗಳ ಬೇರೆ, ಜನ ಕಮ್ಮಿ, ಅದಕ್ಕೆ ಅದರದ್ದೇ ಶಾಟುಗಳ ಲೆಕ್ಕ ಬೇಕು.)

ಹಾಗಾದ್ರೆ ಎಷ್ಟು ಮ್ಯಾಚ್ ಆದ್ರೆ ನಂಬ್ಬಹುದು ಅಂತ ಎಲ್ಲರೂ ಕೇಳುದು. ಇಷ್ಟೇ ಅಂತ ಒಂದು ಗೆರೆ ಇಲ್ಲ, ನಿಧಾನಕ್ಕೆ ಗಟ್ಟಿ ಆಗ್ತಾ ಹೋಗುದು. ಮ್ಯಾಚಿಗೆ 1.5 ಎಕ್ಸ್‌ಜಿ ಮಾಡುವ ತಂಡಕ್ಕೆ ಐದು ಮ್ಯಾಚಲ್ಲಿ ಗೋಲಿನ ಏರಿಳಿತ ಎರಡೂವರೆ, ಅಂದ್ರೆ ಮ್ಯಾಚಿಗೆ ಅರ್ಧ ಗೋಲು. 38 ಮ್ಯಾಚಲ್ಲಿ ಒಟ್ಟು ಏರಿಳಿತ 7, ಮ್ಯಾಚಿಗೆ 0.2ಕ್ಕಿಂತ ಕಮ್ಮಿ. ಮ್ಯಾಚಿಗೆ ಅರ್ಧ ಗೋಲು ಅಂದ್ರೆ ಟೇಬಲಲ್ಲಿ ಮೇಲಿನ ತಂಡಕ್ಕೂ ನಡುವಿನ ತಂಡಕ್ಕೂ ಇರುವ ವ್ಯತ್ಯಾಸದಷ್ಟು, ಐದು ಮ್ಯಾಚಲ್ಲಿ ಅದು ಪೂರ್ತಿ ಮುಚ್ಚಿ ಹೋಗ್ತದೆ. ಹತ್ತು ಮ್ಯಾಚ್ ದಾಟಿದ ಮೇಲೆ ಪೆನಾಲ್ಟಿ ಬಿಟ್ಟ ಎಕ್ಸ್‌ಜಿ ತಂಡದ ಬಗ್ಗೆ ಗೋಲಿಗಿಂತ ಚೆನ್ನಾಗಿ ಮಾತಾಡ್ಲಿಕ್ಕೆ ಶುರು ಮಾಡ್ತದೆ ಅಂತ ನನ್ನ ಅಭಿಪ್ರಾಯ, ಆಗಲೂ ಪಿಸುಮಾತೇ.

ಒಂದು ಪೂರ್ತಿ ಸೀಸನ್ ಕೂಡ ಸಾಕಾಗದ ಉದಾಹರಣೆ ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ ಬ್ರೈಟನ್. 2020-21ರಲ್ಲಿ ಗ್ರಹಾಂ ಪಾಟರ್ ಕೋಚ್ ಆಗಿದ್ದ ಈ ತಂಡ 38 ಮ್ಯಾಚಲ್ಲಿ ಹೊಡೆದದ್ದು 40 ಗೋಲು, ಎಕ್ಸ್‌ಜಿ 50ರ ಆಸುಪಾಸು, 41 ಪಾಯಿಂಟಲ್ಲಿ 16ನೇ ಸ್ಥಾನ. "ಮುಂದಿನ ವರ್ಷ ನೋಡಿ, ಗೋಲು ತನ್ನಷ್ಟಕ್ಕೇ ಬರ್ತದೆ" ಅಂತ ಎಕ್ಸ್‌ಜಿ ನಂಬಿದವರೆಲ್ಲ ಹೇಳಿದ್ರು. ಮುಂದಿನ ವರ್ಷ 51 ಪಾಯಿಂಟು, 9ನೇ ಸ್ಥಾನ, ಹೇಳಿದ್ದು ನಿಜ ಆಯ್ತಲ್ಲಾ ಅಂತ ಎಲ್ಲರಿಗೂ ಖುಷಿ. ಆದ್ರೆ ಗೋಲು ಎಷ್ಟು ಗೊತ್ತುಂಟಾ, 42. ಬರೀ ಎರಡು ಜಾಸ್ತಿ. ಬಿಟ್ಟುಕೊಟ್ಟದ್ದು 46ರಿಂದ 44ಕ್ಕೆ ಇಳಿಯಿತು. ಗೋಲಿನ ಅಂತರದಲ್ಲಿ ನಾಲ್ಕೇ ನಾಲ್ಕು ಬದಲಾಗಿ ಪಾಯಿಂಟಲ್ಲಿ ಹತ್ತು ಏರಿತು. ಅಂದ್ರೆ ಭವಿಷ್ಯ ನಿಜವಾದದ್ದು ಹೇಳಿದ ಕಾರಣಕ್ಕೆ ಅಲ್ಲ, ಗೋಲು ಬಿದ್ದ ಮ್ಯಾಚು ಯಾವುದು ಅನ್ನುವ ಹಂಚಿಕೆ ಈ ಸಲ ಅವರ ಕಡೆ ತಿರುಗಿತು. 50ರ ಎಕ್ಸ್‌ಜಿಗೆ ಏರಿಳಿತವೇ ಆರೇಳು ಇರುವಾಗ ಹತ್ತು ಗೋಲಿನ ಕೊರತೆಯನ್ನು ಪೂರ್ತಿ ದುರದೃಷ್ಟ ಅಂತ ಹೇಳ್ಲಿಕ್ಕೂ ಆಗುದಿಲ್ಲ, ಪೂರ್ತಿ ಫಾರ್ವರ್ಡುಗಳ ತಪ್ಪು ಅಂತ ಹೇಳ್ಲಿಕ್ಕೂ ಆಗುದಿಲ್ಲ, ಎರಡೂ ಸೇರಿರ್ತದೆ.

ಇದನ್ನು ವಿಶ್ವಕಪ್ಪಿಗೆ ಹಿಡಿದು ನೋಡಿ. 2026ರ ವಿಶ್ವಕಪ್ಪಿನ ಲೆಕ್ಕ 48 ತಂಡ, 104 ಮ್ಯಾಚು, ಗ್ರೂಪಲ್ಲಿ ಒಂದೊಂದು ತಂಡಕ್ಕೆ ಮೂರೇ ಮ್ಯಾಚು, ಕಪ್ ಎತ್ತುವವರಿಗೂ ಎಂಟೇ. ಮೂರು ಮ್ಯಾಚಲ್ಲಿ ಮ್ಯಾಚಿಗೆ ಒಂದೂವರೆ ಅಂತ ಹಿಡಿದ್ರೂ ಎಕ್ಸ್‌ಜಿ ನಾಲ್ಕೂವರೆ, ಏರಿಳಿತ ಎರಡು. ಅಷ್ಟರಲ್ಲಿ ಗ್ರೂಪಿಂದ ಹೊರಗೆ ಬಿದ್ದ ತಂಡದ ಎಕ್ಸ್‌ಜಿ ಹಾಕಿ ಕೋಚಿಗೆ ಶಿಕ್ಷೆ ಬರೆಯುವ ಮೊದಲು ಶಾಟ್ ಮ್ಯಾಪ್ ತೆರೆದು ದೊಡ್ಡ ವೃತ್ತ, ಅಂದ್ರೆ ದೊಡ್ಡ ಚಾನ್ಸು, ಎಷ್ಟು ಉಂಟು ನೋಡಿ, ಪೆನಾಲ್ಟಿ ಕಳೆಯಿರಿ, ವರ್ಗಮೂಲ ತೆಗೆಯಿರಿ. ಮತ್ತೆ ಲುಸೈಲಿನಂಥ ಸ್ಕೋರ್ ಇನ್ನೊಂದು ಸಲ ಬರುವ ಪ್ರಶ್ನೆ, ಒಂದು ಮ್ಯಾಚಲ್ಲಿ ನೂರಕ್ಕೊಂದು ಸಾಧ್ಯತೆ ಇರುವ ಅಚ್ಚರಿ 104 ಮ್ಯಾಚಲ್ಲಿ ಕಮ್ಮಿಯೆಂದ್ರೆ ಒಂದು ಸಲವಾದ್ರೂ ಆಗುವ ಸಾಧ್ಯತೆ ನೂರಕ್ಕೆ ಅರವತ್ತೈದು.